ನಾಮಿನಿ ಹೆಂಡತಿಯೇ, ಆದರೆ ಹಣ ಯಾರದು?

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಬ್ಯಾಂಕಿನ ಓವರ್‌ಡ್ರಾಫ್ಟ್ ಇದೆ, ಕೈಸಾಲವೂ ಇದೆ. ಒಂದು ಕೋಟಿ ರೂಪಾಯಿಯ ಟರ್ಮ್ ಪಾಲಿಸಿ ಮಾಡಿಸಬೇಕೆಂದಿದ್ದೇನೆ. ನನಗೇನಾದರೂ ಆದರೆ ಸಾಲ ಕೊಟ್ಟವರು ಆ ಹಣಕ್ಕೂ ಬರುತ್ತಾರೆಯೇ? ಹೆಂಡತಿಯನ್ನು ನಾಮಿನಿ ಮಾಡಿದರೆ ಸಾಕಲ್ಲವೇ? ನನ್ನ ತಾಯಿಯನ್ನೂ ಸೇರಿಸಬಹುದೇ?

ಉತ್ತರ: ನಾಮಿನಿ ಮಾಡಿದರೆ ಸಾಕು ಎಂದು ಏಜೆಂಟರೂ ಹೇಳುತ್ತಾರೆ, ನೆಂಟರೂ ಹೇಳುತ್ತಾರೆ. ಸಾಲ ಇಲ್ಲದವರ ಮಟ್ಟಿಗೆ ಬಹುಪಾಲು ಅದೇ ನಡೆದುಹೋಗುತ್ತದೆ. ನಿಮ್ಮಂಥವರಿಗೆ ಸಾಲದು.

ಗಂಡನ ಸಾಲವನ್ನು ಹೆಂಡತಿ ತನ್ನ ಕೈಯಿಂದ ತೀರಿಸಬೇಕೆಂಬ ಕಾನೂನು ಇಲ್ಲ. ಸತ್ತವರು ಬಿಟ್ಟುಹೋದ ಆಸ್ತಿ ವಾರಸುದಾರರ ಕೈಗೆ ಎಷ್ಟು ಬಂತೋ ಅಷ್ಟರಮಟ್ಟಿಗೆ ಮಾತ್ರ ಸಾಲ ಕೊಟ್ಟವರು ಕೇಳಬಹುದು. ಹಾಗಾಗಿ ಇಡೀ ವಿಷಯ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ವಿಮೆ ಹಣ ನೀವು ಬಿಟ್ಟುಹೋದ ಆಸ್ತಿಯೋ, ಮೊದಲಿನಿಂದಲೂ ಹೆಂಡತಿ ಮಕ್ಕಳದೋ?

ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ತಲುಪಿಸುವವರಷ್ಟೆ, ಒಡೆಯರಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿತ್ತು. 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿಯಾಗಿ, ತಂದೆತಾಯಿ, ಹೆಂಡತಿ ಅಥವಾ ಗಂಡ, ಮಕ್ಕಳು ನಾಮಿನಿಗಳಾಗಿದ್ದರೆ ಹಣ ಅವರಿಗೇ ಸೇರುತ್ತದೆ ಎಂಬ ಮಾತು ಬಂತು. ಅಲ್ಲಿಗೆ ಗೊಂದಲ ಮುಗಿಯಿತು ಎಂದುಕೊಂಡವರು ಬಹಳ. ಆದರೆ 2025ರಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಒಂದು ಪ್ರಕರಣ ಬಂತು. ಮದುವೆಗೆ ಮುಂಚೆ ಪಾಲಿಸಿ ಮಾಡಿಸಿ ತಾಯಿಯ ಹೆಸರು ಬರೆಸಿದ್ದ ಮಗ, ಮದುವೆಯಾದ ಮೇಲೆ ನಾಮಿನಿ ಬದಲಿಸದೆಯೇ ತೀರಿಕೊಂಡಿದ್ದ. ತಾಯಿ ಒಬ್ಬರೇ ನಾಮಿನಿಯಾದರೂ, ಹೆಂಡತಿ ಮತ್ತು ಮಗು ಹಕ್ಕು ಕೇಳಿದ್ದರಿಂದ ಉತ್ತರಾಧಿಕಾರ ಕಾನೂನಿನಂತೆ ಮೂವರಿಗೂ ಸಮಪಾಲು ಎಂದು ನ್ಯಾಯಾಲಯ ಹೇಳಿತು. ನಾಮಿನಿಯ ಹೆಸರು ಮನೆಯವರ ಮುಂದೆಯೇ ಪೂರ್ತಿ ನಿಲ್ಲದಿದ್ದರೆ, ಸಾಲ ಕೊಟ್ಟವರ ಮುಂದೆ ಅದನ್ನೇ ನಂಬಿ ಕೂರುವುದು ಜಾಣತನವಲ್ಲ. ಸಿವಿಲ್ ಪ್ರೊಸೀಜರ್ ಕೋಡ್‌ನ 60ನೇ ಸೆಕ್ಷನ್ ಕೂಡ ಜೀವವಿಮೆ ಹಣವನ್ನು ಜಪ್ತಿಯಿಂದ ಹೊರಗಿಡುತ್ತದೆ, ನಿಜ. ಆದರೆ ಅದು ಜಪ್ತಿ ತಡೆಯುವ ನಿಯಮ, ಹಣದ ಒಡೆತನ ಬದಲಿಸುವುದಿಲ್ಲ.

ಒಡೆತನವನ್ನೇ ಬದಲಿಸುವುದು ಇನ್ನೊಂದು ಕಾನೂನು: 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಸೆಕ್ಷನ್. ಇದು ಹಿಂದೂಗಳಿಗೆ ಅನ್ವಯಿಸುತ್ತದೆಯೇ ಎಂಬ ಜಗಳ ಬಹಳ ಕಾಲ ನಡೆದು, 1923ರ ತಿದ್ದುಪಡಿ ಹಿಂದೂ, ಮುಸ್ಲಿಂ, ಸಿಖ್, ಜೈನರೆಲ್ಲರನ್ನೂ ಒಳಗೆ ತಂದಿತು. ವಿವಾಹಿತ ಪುರುಷನು ತನ್ನ ಜೀವದ ಮೇಲೆ ಪಾಲಿಸಿ ಮಾಡಿಸಿ, ಅದು ಹೆಂಡತಿಯ, ಮಕ್ಕಳ ಅಥವಾ ಇಬ್ಬರ ಪ್ರಯೋಜನಕ್ಕೆ ಎಂದು ಪಾಲಿಸಿಯಲ್ಲೇ ಬರೆಸಿದರೆ, ಆ ಪಾಲಿಸಿ ಅವರ ಹೆಸರಿನ ಟ್ರಸ್ಟ್ ಆಗಿಬಿಡುತ್ತದೆ. ಅವರಲ್ಲಿ ಒಬ್ಬರಾದರೂ ಇರುವವರೆಗೆ ಅದು ಗಂಡನ ಹಿಡಿತದಲ್ಲೂ ಇಲ್ಲ, ಅವನಿಗೆ ಸಾಲ ಕೊಟ್ಟವರ ಹಿಡಿತದಲ್ಲೂ ಇಲ್ಲ, ಅವನ ಆಸ್ತಿಯ ಲೆಕ್ಕಕ್ಕೂ ಬರುವುದಿಲ್ಲ.

ಇದಕ್ಕೆ ನೋಂದಣಿ, ಸ್ಟಾಂಪ್ ಪೇಪರ್ ಏನೂ ಬೇಡ. ಪ್ರಪೋಸಲ್ ಫಾರಂ ತುಂಬುವಾಗಲೇ ಅದರ ಜೊತೆಗೆ ಈ ಕಾಯ್ದೆಯ ಇನ್ನೊಂದು ಫಾರಂ ಕೇಳಿ ಪಡೆಯಬೇಕು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದು ಕಡಿಮೆ. ಅದರಲ್ಲಿ ಯಾರಿಗೆ ಎಷ್ಟು ಪಾಲು, ಟ್ರಸ್ಟಿ ಯಾರು ಎಂದು ಬರೆಯಬೇಕು. ಟ್ರಸ್ಟಿ ಹೆಂಡತಿಯೇ ಆಗಬಹುದು, ಭಾವಮೈದುನನಂಥ ನಂಬಿಕಸ್ಥರೂ ಆಗಬಹುದು. ಆ ಜಾಗ ಖಾಲಿ ಬಿಡಬೇಡಿ. ಟ್ರಸ್ಟಿ ಇಲ್ಲದಿದ್ದರೆ ಹಣ ರಾಜ್ಯದ ಅಧಿಕೃತ ಟ್ರಸ್ಟಿ ಎಂಬ ಸರ್ಕಾರಿ ಅಧಿಕಾರಿಯ ಕೈಗೆ ಹೋಗುತ್ತದೆ, ಅಲ್ಲಿಂದ ಬಿಡಿಸಿಕೊಳ್ಳಲು ನಿಮ್ಮ ಮನೆಯವರು ಅಲೆಯಬೇಕು. ಪಾಲಿಸಿ ಮನೆಗೆ ಬಂದ ದಿನವೇ ಅದರಲ್ಲಿ ಈ ಕಾಯ್ದೆಯ ಹೆಸರು, ಫಲಾನುಭವಿಗಳ ಹೆಸರು ಅಚ್ಚಾಗಿದೆಯೇ ನೋಡಿ. ಬರೀ ನಾಮಿನಿ ಎಂದಿದ್ದರೆ ಕೆಲಸ ಆಗಿಲ್ಲ. 30 ದಿನದೊಳಗೆ ಪಾಲಿಸಿ ಹಿಂದಿರುಗಿಸುವ ಅವಕಾಶ ಇರುತ್ತದೆ, ಅಷ್ಟರಲ್ಲೇ ಸರಿಪಡಿಸಿಕೊಳ್ಳಿ. ಈಗಾಗಲೇ ಓಡುತ್ತಿರುವ ಹಳೆಯ ಪಾಲಿಸಿಯನ್ನು ಆಮೇಲೆ ಇದರಡಿ ತರಲಾಗದು.

ಈಗ ನಿಮ್ಮಂಥ ಒಬ್ಬ ವ್ಯಾಪಾರಿಯ ಲೆಕ್ಕ ಹಾಕೋಣ. ಓವರ್‌ಡ್ರಾಫ್ಟ್ 40 ಲಕ್ಷ, ಅದಕ್ಕೆ ಅಡಮಾನವಾಗಿ ಅಂಗಡಿ ಕಟ್ಟಡ. ಕೈಸಾಲ 15 ಲಕ್ಷ. ವ್ಯಾಪಾರಿ ತೀರಿಕೊಂಡ ಮೇಲೆ ಬ್ಯಾಂಕು ಕಟ್ಟಡ ಹರಾಜು ಹಾಕಿದರೆ 30 ಲಕ್ಷ ಬಂತು ಎನ್ನಿ. ಬ್ಯಾಂಕಿಗೆ 10 ಲಕ್ಷ, ಕೈಸಾಲದವರಿಗೆ 15 ಲಕ್ಷ, ಒಟ್ಟು 25 ಲಕ್ಷ ಬಾಕಿ. ಸಾಮಾನ್ಯ ಪಾಲಿಸಿಯಾದರೆ ಆ 25 ಲಕ್ಷಕ್ಕಾಗಿ ವಿಮೆ ಹಣದ ಮೇಲೆ ಕಣ್ಣು ಹಾಕಿ ದಾವೆ ಹೂಡಬಹುದು. ಕೊನೆಗೆ ಸೋತರೂ ಮನೆಯವರು ವರ್ಷಗಟ್ಟಲೆ ಕೋರ್ಟಿಗೆ ತಿರುಗಬೇಕು. ಈ ಕಾಯ್ದೆಯ ಪಾಲಿಸಿಯಾದರೆ ಕೋಟಿ ರೂಪಾಯಿ ಪೂರ್ತಿ ಹೆಂಡತಿ ಮಕ್ಕಳಿಗೆ. ಸಾಲದವರು ಗೋದಾಮಿನ ಮಾಲು, ಬರಬೇಕಾದ ಬಾಕಿ, ಅವನ ಹೆಸರಿನ ಬೇರೆ ಆಸ್ತಿಯಲ್ಲಿ ಸಿಕ್ಕಷ್ಟು ವಸೂಲಿ ಮಾಡಿಕೊಳ್ಳಬೇಕು.

ಆದರೆ ಇಲ್ಲೊಂದು ದೊಡ್ಡ ತೂತಿದೆ, ವ್ಯಾಪಾರದ ಮನೆಗಳಲ್ಲಿ ಇದು ಮಾಮೂಲು. ಓವರ್‌ಡ್ರಾಫ್ಟಿಗೆ ಹೆಂಡತಿಯ ಕೈಯಲ್ಲೂ ಜಾಮೀನಿಗೆ ಸಹಿ ಹಾಕಿಸಿರುತ್ತಾರೆ. ಆಗ ಆ 10 ಲಕ್ಷ ಗಂಡನ ಸಾಲ ಮಾತ್ರವಲ್ಲ, ಅವರದೂ ಹೌದು. ಕಾಯ್ದೆ ಕಾಯುವುದು ಗಂಡನಿಗೆ ಸಾಲ ಕೊಟ್ಟವರಿಂದ; ಹೆಂಡತಿಯ ಕೈ ಸೇರಿದ ಹಣವನ್ನು ಅವರದೇ ಸಾಲದಿಂದ ಕಾಯುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥ ಸಹಿ ಆಗಿದೆಯೇ, ಸಾಲದ ಕಾಗದ ತೆಗೆದು ನೋಡಿ. ಆಗಿದ್ದರೆ ಪೂರ್ತಿ ಹಣ ಹೆಂಡತಿಗೆ ಬರೆಯುವ ಬದಲು ಹೆಂಡತಿಗೆ ಶೇ 40, ಇಬ್ಬರು ಮಕ್ಕಳಿಗೆ ತಲಾ ಶೇ 30 ಎಂದು ಹಂಚಿ. ಮಕ್ಕಳು ಸಹಿ ಹಾಕಿಲ್ಲವಾದ್ದರಿಂದ ಅವರ 60 ಲಕ್ಷ ಬ್ಯಾಂಕಿನ ಕೈಗೆ ಸಿಗುವುದಿಲ್ಲ. ಅವರು ಅಪ್ರಾಪ್ತರಾಗಿದ್ದರೆ ಟ್ರಸ್ಟಿ ನೋಡಿಕೊಳ್ಳುತ್ತಾರೆ.

ಇನ್ನೊಂದು ಮಿತಿ ಕಾಯ್ದೆಯಲ್ಲೇ ಬರೆದಿದೆ. ಸಾಲ ಕೊಟ್ಟವರಿಗೆ ಮೋಸ ಮಾಡುವ ಉದ್ದೇಶದಿಂದಲೇ ಮಾಡಿಸಿದ ಪಾಲಿಸಿಯಾಗಿದ್ದರೆ ಆ ಹಣದಿಂದ ಸಾಲ ವಸೂಲಿ ಮಾಡುವ ಹಕ್ಕು ಅವರಿಗೆ ಉಳಿಯುತ್ತದೆ. ಚೆಕ್ಕುಗಳು ಬೌನ್ಸ್ ಆಗುತ್ತಿರುವಾಗ, ನೋಟಿಸು ಬಂದ ಮೇಲೆ, ಕೈಯಲ್ಲಿದ್ದ ದುಡ್ಡನ್ನೆಲ್ಲ ಒಂದೇ ಕಂತಿನ ಪಾಲಿಸಿಗೆ ಸುರಿದರೆ ಯಾವ ನ್ಯಾಯಾಧೀಶರಿಗೂ ಅನುಮಾನ ಬರುತ್ತದೆ. ಸಾಲ ಸರಿಯಾಗಿ ಕಟ್ಟುತ್ತಿರುವಾಗಲೇ ವರಮಾನಕ್ಕೆ ತಕ್ಕ ಟರ್ಮ್ ಪಾಲಿಸಿ ಮಾಡಿಸುವುದರಲ್ಲಿ ಅಂಥ ವಾಸನೆ ಇಲ್ಲ. ಆದ್ದರಿಂದ ಮುಂದಕ್ಕೆ ಹಾಕಬೇಡಿ.

ಒಮ್ಮೆ ಮಾಡಿದ ಮೇಲೆ ಪಾಲಿಸಿ ನಿಮ್ಮದಲ್ಲ ಎಂಬುದೂ ಗೊತ್ತಿರಲಿ. ಫಲಾನುಭವಿಗಳನ್ನು ನಿಮ್ಮಿಷ್ಟಕ್ಕೆ ಬದಲಿಸುವಂತಿಲ್ಲ, ಅದನ್ನು ಅಡವಿಟ್ಟು ಅಂಗಡಿಗೆ ಸಾಲ ಎತ್ತುವಂತಿಲ್ಲ. ಹೆಂಡತಿಯ ಹೆಸರು ಬರೆದ ಮೇಲೆ ವಿಚ್ಛೇದನವಾದರೂ ಆ ಹೆಸರು ತಾನಾಗಿ ಹೋಗುವುದಿಲ್ಲ. ಬ್ಯಾಂಕು ಓವರ್‌ಡ್ರಾಫ್ಟಿಗೆ ವಿಮೆ ಬರೆದುಕೊಡಿ ಎಂದರೆ ಅದಕ್ಕೆ ಬೇರೆ ಪಾಲಿಸಿ ಕೊಡಿ, ಇದನ್ನಲ್ಲ.

ತಾಯಿಯ ವಿಷಯ: ಈ ಸೆಕ್ಷನ್‌ನಲ್ಲಿ ಹೆಂಡತಿ ಮಕ್ಕಳಿಗಷ್ಟೇ ಜಾಗ, ತಂದೆತಾಯಿಯರಿಗೆ ಇಲ್ಲ. ಅವರಿಗೆಂದು ಸಣ್ಣದೊಂದು ಪಾಲಿಸಿ ಬೇರೆಯಾಗಿ ಮಾಡಿಸಿ, ಅವರನ್ನೇ ನಾಮಿನಿ ಮಾಡಿ. ಅದು ಸಾಮಾನ್ಯ ಪಾಲಿಸಿ, ಈ ಟ್ರಸ್ಟಿನ ರಕ್ಷಣೆ ಅದಕ್ಕಿಲ್ಲ. ಆ ಹಣ ಪೂರ್ತಿ ಅವರಿಗೇ ಸೇರಬೇಕೆಂದಿದ್ದರೆ ಉಯಿಲಿನಲ್ಲೂ ಹಾಗೆಂದು ಬರೆದಿಡಿ.