ಕ್ಯಾಪ್ಷನ್ ಕೇಳುವ ಪತ್ರ: ಐದು ಪಾಠಗಳು

ನನಗೆ ಕಿವಿ ಕೇಳುವುದಿಲ್ಲ. ಬಿ.ಕಾಂ. ಓದುವಾಗ ಆನ್‌ಲೈನ್ ತರಗತಿಗಳಿಗೆ ಕ್ಯಾಪ್ಷನ್ ಮತ್ತು ನೋಟ್ಸ್ ಬೇಕೆಂದು ಪ್ರಾಂಶುಪಾಲರಿಗೆ ಪತ್ರ ಬರೆದೆ, ಎರಡೂ ಸಿಕ್ಕವು. ಈಗ ನನ್ನಂತೆಯೇ ಇರುವ ಕಿರಿಯರು ತಮ್ಮ ಪತ್ರಗಳನ್ನು ತಿದ್ದಲು ಕಳಿಸುತ್ತಾರೆ. ಯಾವ ಪತ್ರದಿಂದ ಕೆಲಸವಾಗುತ್ತದೆ, ಯಾವುದು ಫೈಲಿನಲ್ಲೇ ಕೂರುತ್ತದೆ ಎಂಬುದು ಅವನ್ನು ಓದುತ್ತಾ ಓದುತ್ತಾ ತಿಳಿದದ್ದು.

1. ಪಾಠ ಎಲ್ಲಿ ತಪ್ಪಿಹೋಗುತ್ತಿದೆ ಎಂದು ತೋರಿಸಿ

‘ನಾನು ಶ್ರವಣದೋಷವುಳ್ಳ ವಿದ್ಯಾರ್ಥಿ, ದಯವಿಟ್ಟು ಸಹಾಯ ಮಾಡಿ’ ಎಂದಷ್ಟೇ ಬರೆದರೆ ಪ್ರಾಂಶುಪಾಲರು ‘ಪರಿಶೀಲಿಸಿ’ ಎಂದು ಬರೆದು ವಿಭಾಗಕ್ಕೆ ಕಳಿಸುತ್ತಾರೆ. ಏನನ್ನು ಪರಿಶೀಲಿಸಬೇಕೆಂದು ವಿಭಾಗದವರಿಗೆ ಗೊತ್ತಾಗುವುದಿಲ್ಲ. ಹಿಯರಿಂಗ್ ಏಡ್ ಇದೆಯಲ್ಲ, ವಾಲ್ಯೂಮ್ ಜಾಸ್ತಿ ಮಾಡಿಕೊಳ್ಳಲಿ ಎಂದುಕೊಳ್ಳುವವರೇ ಹೆಚ್ಚು. ಏಡ್ ಸದ್ದನ್ನು ದೊಡ್ಡದು ಮಾಡುತ್ತದೆ. ಒಡೆದು ಒಡೆದು ಬರುವ ಮಾತನ್ನು ಅದು ಸ್ಪಷ್ಟ ಮಾಡಲಾರದು.

ತರಗತಿಯ ಕೋಣೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂತು ತುಟಿ ಓದುತ್ತಿದ್ದವರಿಗೆ ಆನ್‌ಲೈನಿನಲ್ಲಿ ಆ ದಾರಿಯೂ ಮುಚ್ಚುತ್ತದೆ. ಸ್ಲೈಡ್ ಹಾಕಿದ ಕೂಡಲೇ ಮೇಷ್ಟ್ರ ಮುಖ ಮೂಲೆಯಲ್ಲಿ ಅಂಚೆಚೀಟಿಯಷ್ಟಾಗುತ್ತದೆ. ನೆಟ್‌ವರ್ಕ್ ಕುಂಟಿದರೆ ತುಟಿಯೂ ನಿಂತುಬಿಡುತ್ತದೆ. ಮುಖ ಚೆನ್ನಾಗಿ ಕಂಡರೂ ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ. ಕ, ಗ ಬಾಯೊಳಗೇ ಉಳಿಯುತ್ತವೆ. ಆದ್ದರಿಂದ ಪತ್ರದ ಮೊದಲ ಪ್ಯಾರಾ ಹೀಗಿರಲಿ: ‘ಸ್ಲೈಡ್ ತೋರಿಸುವಾಗ ಅಧ್ಯಾಪಕರ ಮುಖ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಅವರು ಬಾಯಲ್ಲಿ ಹೇಳುವ ವಿವರಣೆ ಯಾವುದೂ ನನಗೆ ತಲುಪುತ್ತಿಲ್ಲ.’

2. ಕ್ಯಾಪ್ಷನ್ ಯಾವ ಭಾಷೆಯಲ್ಲಿ, ಯಾರು ತಿದ್ದಬೇಕು ಎಂದೂ ಬರೆಯಿರಿ

‘ಕ್ಯಾಪ್ಷನ್ ಕೊಡಿ’ ಎಂದರೆ ‘ಆ ಬಟನ್ ನಿಮ್ಮ ಮೊಬೈಲಿನಲ್ಲೇ ಇದೆಯಲ್ಲ’ ಎಂಬ ಉತ್ತರ ಬರುತ್ತದೆ. ಗೂಗಲ್ ಮೀಟ್‌ನಲ್ಲಿ Turn on captions ಒತ್ತಿದರೆ ಅಕ್ಷರಗಳು ಬರುವುದು ನಿಜ. ಆದರೆ ಆ ಯಂತ್ರಕ್ಕೆ ಮಾತಿನ ಭಾಷೆ ಯಾವುದೆಂದು ಮೊದಲೇ ಹೇಳಿರಬೇಕು. ನಮ್ಮ ಮೇಷ್ಟ್ರುಗಳು ಪಾಠ ಮಾಡುವುದು ‘ಫಿಕ್ಸೆಡ್ ಕಾಸ್ಟ್ ಅಂದ್ರೆ ಏನಪ್ಪಾ, ಮಾಲು ತಯಾರಾಗಲಿ ಬಿಡಲಿ ಬರೋ ಖರ್ಚು’ ಎಂಬ ಧಾಟಿಯಲ್ಲಿ. ಭಾಷೆ ಇಂಗ್ಲಿಷ್ ಎಂದಿಟ್ಟಿದ್ದರೆ ಇದರ ಕನ್ನಡ ಭಾಗವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಪದಗಳಾಗಿ ಬೀಳುತ್ತದೆ.

ಅದಕ್ಕಿಂತ ಅಪಾಯದ್ದು, ಸರಿಯಾಗಿಯೇ ಕಾಣುವ ತಪ್ಪು. ಬ್ರೇಕ್ ಈವನ್ ಲೆಕ್ಕವೊಂದನ್ನು ತೆಗೆದುಕೊಳ್ಳಿ. ಮಾರಾಟದ ಬೆಲೆ 20 ರೂಪಾಯಿ, ಚರ ವೆಚ್ಚ 12, ಉಳಿಯುವ ಕಾಂಟ್ರಿಬ್ಯೂಷನ್ 8. ಸ್ಥಿರ ವೆಚ್ಚ 40,000. ಭಾಗಿಸಿದರೆ 5,000 ಘಟಕ. ಮೇಷ್ಟ್ರು ‘ಫಾರ್ಟಿ ಥೌಸಂಡ್’ ಎಂದದ್ದನ್ನು ಕ್ಯಾಪ್ಷನ್ ‘ಫೋರ್ಟೀನ್ ಥೌಸಂಡ್’ ಎಂದು ಬರೆದರೆ ಉತ್ತರ 1,750 ಆಗುತ್ತದೆ. ಲೆಕ್ಕದ ಕ್ರಮದಲ್ಲಿ ಎಲ್ಲೂ ತಪ್ಪಿಲ್ಲ, ಹಾಗಾಗಿ ಓದುವವಳಿಗೆ ಅನುಮಾನವೇ ಬರುವುದಿಲ್ಲ.

ಆದ್ದರಿಂದ ಕೋರಿಕೆಯನ್ನು ಎರಡಾಗಿ ಒಡೆಯಿರಿ. ನೇರ ತರಗತಿಗೆ: ‘ಸ್ವಯಂಚಾಲಿತ ಕ್ಯಾಪ್ಷನ್ ಆನ್ ಇರಲಿ. ಅಂಕಿ, ಸೂತ್ರ, ಹೊಸ ಪಾರಿಭಾಷಿಕ ಪದ ಬಂದಾಗ ಅಧ್ಯಾಪಕರು ಅದನ್ನು ಚಾಟ್‌ನಲ್ಲಿಯೂ ಟೈಪ್ ಮಾಡಲಿ.’ ಧ್ವನಿಮುದ್ರಿತ ಪಾಠಕ್ಕೆ: ‘ಕ್ಯಾಪ್ಷನ್‌ಅನ್ನು ವಿಷಯ ಬಲ್ಲ ಒಬ್ಬರು ತಿದ್ದಿದ ಮೇಲೆ ವಿಡಿಯೊ ಹಂಚಲಿ.’ ಪಾಠವನ್ನು ಯೂಟ್ಯೂಬಿಗೆ ಹಾಕುವ ಕಾಲೇಜಾದರೆ ಯೂಟ್ಯೂಬ್ ಸ್ಟುಡಿಯೊದಲ್ಲೇ ಈ ಕೆಲಸ ಮಾಡಬಹುದು, ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ಕೈಯಿಂದ ತಿದ್ದಲು ಪಾಠದ ಅವಧಿಗಿಂತ ಹೆಚ್ಚು ಸಮಯ ಬೇಕು. ಹಾಗಾಗಿ ಯಾವ ವಿಷಯಗಳಿಗೆ ಮೊದಲು ಬೇಕೆಂದು ನೀವೇ ಪಟ್ಟಿ ಕೊಡಿ. ನಾನು ಕಾಸ್ಟ್ ಅಕೌಂಟಿಂಗ್ ಮತ್ತು ಆದಾಯ ತೆರಿಗೆ ಎಂದು ಬರೆದಿದ್ದೆ.

3. ನೋಟ್ಸ್ ಪಾಠದ ಮುಂಚೆ ಬೇಕು

ಕ್ಯಾಪ್ಷನ್ ಕೊಟ್ಟ ಮೇಲೆ ನೋಟ್ಸ್ ಯಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಳಿಸುವ ವಿದ್ಯಾರ್ಥಿ ಕಿವಿಯನ್ನು ಮೇಷ್ಟ್ರಿಗೆ ಕೊಟ್ಟು, ಕಣ್ಣನ್ನು ಸ್ಲೈಡಿಗೆ ಕೊಟ್ಟು, ಕೈಯಲ್ಲಿ ಬರೆದುಕೊಳ್ಳುತ್ತಾನೆ. ನಮಗೆ ಈ ಮೂರಕ್ಕೂ ಕಣ್ಣೊಂದೇ. ಕ್ಯಾಪ್ಷನ್ ಓದುವಾಗ ಸ್ಲೈಡ್ ತಪ್ಪುತ್ತದೆ. ಬರೆಯಲು ತಲೆ ಬಗ್ಗಿಸಿದರೆ ಎರಡೂ ತಪ್ಪುತ್ತವೆ. ಕ್ಯಾಪ್ಷನ್ ಮಾತಿಗಿಂತ ತುಸು ತಡವಾಗಿ ಬರುವುದರಿಂದ, ‘ಈ ಸಾಲು ನೋಡಿ’ ಎಂಬ ಮಾತನ್ನು ನಾವು ಓದುವಷ್ಟರಲ್ಲಿ ಆ ಸ್ಲೈಡೇ ಹೋಗಿರುತ್ತದೆ.

ಈ ಕಾರಣವನ್ನು ಪತ್ರದಲ್ಲಿ ಎರಡೇ ವಾಕ್ಯದಲ್ಲಿ ಹೇಳಿ, ಕೆಳಗೆ ನಿಖರವಾಗಿ ಕೇಳಿ: ‘ತರಗತಿಯ ಹಿಂದಿನ ಸಂಜೆಯೊಳಗೆ ಸ್ಲೈಡ್‌ಗಳು, ಅಂದು ಬರುವ ಹೊಸ ಪದಗಳ ಪಟ್ಟಿ, ಮಾಡಿಸಲಿರುವ ಲೆಕ್ಕಗಳ ಪ್ರಶ್ನೆಗಳು ಸಿಗಲಿ. ಬಿಡಿಸಿದ ಲೆಕ್ಕದ ಹಂತಗಳು ತರಗತಿಯ ನಂತರ ಸಿಕ್ಕರೆ ಸಾಕು.’ ಲೆಕ್ಕ ಮೊದಲೇ ಕೈಯಲ್ಲಿದ್ದರೆ 40,000 ಎಂಬುದು ಕಣ್ಣ ಮುಂದಿರುತ್ತದೆ, ಕ್ಯಾಪ್ಷನ್ 14,000 ಎಂದರೂ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಸಹಪಾಠಿಯ ನೋಟ್ಸ್ ತೆಗೆದುಕೊಳ್ಳಿ ಎಂದು ಕಾಲೇಜು ಹೇಳಿದರೆ, ಯಾವ ವಿಷಯಕ್ಕೆ ಯಾರು, ಯಾವಾಗ ಕೊಡುತ್ತಾರೆ ಎಂಬುದನ್ನು ವಿಭಾಗವೇ ಗೊತ್ತುಮಾಡಲಿ ಎಂದು ಕೇಳಿ. ಸ್ನೇಹದ ಮೇಲೆ ನಿಂತ ನೋಟ್ಸ್ ಪರೀಕ್ಷೆ ಹತ್ತಿರ ಬಂದಾಗ ನಿಂತುಹೋಗುತ್ತದೆ.

4. ಕಾಯ್ದೆಯ ಮಾತು ಒಂದು ಪ್ಯಾರಾದಲ್ಲಿ ಮುಗಿಯಲಿ

ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 16ನೇ ಕಲಂ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಸೂಕ್ತ ಅನುಕೂಲ ಒದಗಿಸಬೇಕು, ಕಿವುಡರಿಗೆ ಅವರಿಗೆ ಹೊಂದುವ ಭಾಷೆ ಮತ್ತು ಸಂವಹನ ವಿಧಾನದಲ್ಲಿ ಕಲಿಸಬೇಕು ಎಂಬ ಎರಡು ಅಂಶಗಳೂ ಅದರಲ್ಲಿವೆ. ಇಷ್ಟನ್ನು ಬರೆದರೆ ಸಾಕು. ಸಂಸ್ಥೆಯ ಮೇಲೆ ಅತಿಯಾದ ಹೊರೆ ಬೀಳಬಾರದೆಂದು ಅದೇ ಕಾಯ್ದೆಯ ವ್ಯಾಖ್ಯೆ ಹೇಳುವುದರಿಂದ, ಖರ್ಚಿನ ಮಾತು ಬಂದಾಗ ನೀವು ಕೇಳಿದ್ದರಲ್ಲಿ ಹೆಚ್ಚಿನದು ಖರ್ಚಿಲ್ಲದ್ದು ಎಂದು ತೋರಿಸಿ: ಬಟನ್, ಚಾಟ್, ಹಿಂದಿನ ಸಂಜೆಯ ಇಮೇಲ್.

ಯುಡಿಐಡಿ ಕಾರ್ಡಿನ ಪ್ರತಿ ಲಗತ್ತಿಸಿ. ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವಿದ್ದವರನ್ನು ಕಾಯ್ದೆ ಕಿವುಡರೆಂದೂ 60ರಿಂದ 70ರ ನಡುವಿನವರನ್ನು ಮಂದ ಶ್ರವಣದವರೆಂದೂ ಗುರುತಿಸುತ್ತದೆ. ಪತ್ರ ಬರೆದು ಕೇಳಲು ಇಬ್ಬರಿಗೂ ಹಕ್ಕಿದೆ. ಕಚೇರಿಯಲ್ಲಿ ಒಂದು ಪ್ರತಿಗೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಮುಂದೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬೇಕಾಗಿ ಬಂದರೆ ಮೊದಲು ಬೇಕಾಗುವುದು ಆ ಪ್ರತಿ.

5. ಒಪ್ಪಿಗೆ ಸಿಕ್ಕ ಮೇಲೆ ತಪ್ಪುಗಳ ಪಟ್ಟಿ ಇಡಿ

‘ಕ್ಯಾಪ್ಷನ್ ಸರಿಯಿಲ್ಲ’ ಎಂದರೆ ಯಾರೂ ಏನೂ ಮಾಡಲಾಗದು. ದಿನಾಂಕ, ವಿಷಯ, ಕ್ಯಾಪ್ಷನ್ ತೋರಿಸಿದ್ದು, ಸ್ಲೈಡಿನಲ್ಲಿದ್ದದ್ದು ಎಂದು ನಾಲ್ಕು ಕಾಲಂ ಮಾಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪಟ್ಟಿ ಬೆಳೆದಂತೆ ಕಾರಣಗಳು ಬೇರೆಬೇರೆಯಾಗಿ ಕಾಣುತ್ತವೆ. ಒಬ್ಬ ಅಧ್ಯಾಪಕರ ಪಾಠದಲ್ಲಿ ಮಾತ್ರ ತಪ್ಪಿದ್ದರೆ ಮೈಕ್ ದೂರವಿರಬಹುದು, ಹಿಂದೆ ಫ್ಯಾನಿನ ಸದ್ದಿರಬಹುದು. ಇಯರ್‌ಫೋನಿನ ಮೈಕ್ ಹಾಕಿ ನೋಡಲು ಹೇಳಿ. ಚರ್ಚೆಯ ಹೊತ್ತಿನಲ್ಲಿ ಮಾತ್ರ ತಪ್ಪಿದ್ದರೆ ಇಬ್ಬರು ಒಟ್ಟಿಗೆ ಮಾತಾಡುತ್ತಿದ್ದಾರೆ. ಒಬ್ಬೊಬ್ಬರಾಗಿ, ಹೆಸರು ಹೇಳಿ ಮಾತಾಡುವ ನಿಯಮ ಬೇಕು. ಎಲ್ಲ ಪಾಠಗಳಲ್ಲೂ ಕನ್ನಡ ವಾಕ್ಯಗಳೇ ಕೆಟ್ಟಿದ್ದರೆ ಯಂತ್ರದಿಂದ ಅದು ಸರಿಹೋಗದು. ಆಗ ಮಾತಿನ ವಿವರಣೆಯನ್ನೂ ಬರಹದಲ್ಲಿ ಕೊಡಿ ಎಂದು ಎರಡನೇ ಪತ್ರ ಬರೆಯಬೇಕು.

ಆ ಪತ್ರದಲ್ಲೇ ಇನ್ನೊಂದು ಸಾಲು ಸೇರಿಸಿ: ‘ಆನ್‌ಲೈನ್ ವೈವಾದಲ್ಲಿ ಪ್ರಶ್ನೆಗಳನ್ನು ಚಾಟ್‌ನಲ್ಲಿ ಕೊಡಬೇಕು, ಕಿರುಪರೀಕ್ಷೆಯ ನಡುವೆ ಬಾಯಲ್ಲಿ ಹೇಳುವ ತಿದ್ದುಪಡಿಗಳನ್ನೂ ಬರೆದು ತಿಳಿಸಬೇಕು.’ ‘ಮೂರನೇ ಪ್ರಶ್ನೆಯಲ್ಲಿ 500 ಅಲ್ಲ, 5,000 ಎಂದು ಓದಿಕೊಳ್ಳಿ’ ಎಂಬ ಮಾತು ಮೈಕಿನಲ್ಲಷ್ಟೇ ಬಂದರೆ, ಇಡೀ ಸೆಮಿಸ್ಟರಿನ ಪಾಠ ಸರಿಯಾಗಿ ಕಲಿತಿದ್ದರೂ ಅಂಕ ಅಲ್ಲಿ ಹೋಗುತ್ತದೆ.