‘ಜ್ವರ ಬಂದ್ರೆ ಫೋನ್ ಮಾಡಿ’ ಎಂದು ಬರೆದರೆ ಸಾಲದು

ಮಗುವನ್ನು ಪಂಚಾಯಿತಿಯ ಕೂಸಿನ ಮನೆಯಲ್ಲೋ ಖಾಸಗಿ ಶಿಶುಪಾಲನಾ ಕೇಂದ್ರದಲ್ಲೋ ಬಿಟ್ಟು ಕೆಲಸಕ್ಕೆ ಓಡುವ ತಾಯಂದಿರು ಬ್ಯಾಗಿನಲ್ಲಿಡುವ ಚೀಟಿಯಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: ‘ಜ್ವರ ಬಂದ್ರೆ ಫೋನ್ ಮಾಡಿ.’ ಎಷ್ಟಕ್ಕೆ ಜ್ವರ ಅನ್ನುವುದು? ಅದನ್ನು ಆಯಮ್ಮನ ಅಂದಾಜಿಗೆ ಬಿಟ್ಟರೆ ಕೆಲವರು ಹಣೆ ಮುಟ್ಟಿ ನೋಡಿ ಸುಮ್ಮನಾಗುತ್ತಾರೆ, ಕೆಲವರು ಗಂಟೆಗೊಮ್ಮೆ ಫೋನ್ ಮಾಡುತ್ತಾರೆ.

ಮೊದಲು ನಿಮ್ಮ ಮಗುವಿನ ಮಾಮೂಲಿ ಬಿಸಿ ಎಷ್ಟೆಂದು ತಿಳಿದುಕೊಳ್ಳಿ. ಮಗು ಆರೋಗ್ಯವಾಗಿರುವ ಮೂರು ದಿನ, ಬೆಳಿಗ್ಗೆ ಎದ್ದ ಮೇಲೊಮ್ಮೆ, ಸಂಜೆ ನಾಲ್ಕರ ಸುಮಾರಿಗೊಮ್ಮೆ ಅಳೆಯಿರಿ. ಎರಡೂ ಹೊತ್ತು ಬೇಕು, ಏಕೆಂದರೆ ಮೈಬಿಸಿ ಬೆಳಗಿನ ಜಾವ ಕಡಿಮೆಯಿದ್ದು ಸಂಜೆಗೆ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರುತ್ತದೆ. ಕಂಕುಳಿನ ಬೆವರು ಒರೆಸಿ, ಥರ್ಮಾಮೀಟರಿನ ತುದಿ ಬನಿಯನ್ನಿಗಲ್ಲ, ಚರ್ಮಕ್ಕೇ ತಾಗುವಂತೆ ನಡುವೆ ಇಟ್ಟು, ತೋಳನ್ನು ಮೈಗೆ ಒತ್ತಿ, ಬೀಪ್ ಆಗುವವರೆಗೂ ಹಿಡಿಯಿರಿ. ಸ್ನಾನವಾಗಿದ್ದರೆ, ಅತ್ತಿದ್ದರೆ, ಕಂಬಳಿ ಹೊದ್ದು ಮಲಗಿದ್ದರೆ ಇಪ್ಪತ್ತು ನಿಮಿಷ ತಡೆಯಿರಿ. ಬೇಸಿಗೆಯಲ್ಲಿ ಶೀಟಿನ ಮನೆಯಲ್ಲಿ ಟೋಪಿ, ಸ್ವೆಟರ್ ಹಾಕಿ ಮಲಗಿಸಿದ ಮಗುವೂ ಬಿಸಿ ತೋರಿಸುತ್ತದೆ.

ಒಂದೂವರೆ ವರ್ಷದ ಒಂದು ಮಗುವಿಗೆ ಬೆಳಿಗ್ಗೆ 97.2ರಿಂದ 97.6, ಸಂಜೆ 98.0ರಿಂದ 98.4 ಬಂತೆನ್ನೋಣ. ಆ ಮಗುವಿನ ಮಾಮೂಲಿ ಅದೇ. 98.6 ಎಂಬ ಪುಸ್ತಕದ ಅಂಕಿಗೆ ಅದನ್ನು ಎಳೆದು ಸರಿಹೊಂದಿಸಬೇಡಿ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕಂಕುಳಲ್ಲಿ ನೋಡಿದ್ದಕ್ಕೆ ಒಂದು ಡಿಗ್ರಿ ಕೂಡಿಸಬೇಕು ಎನ್ನುವ ಮಾತು ನಮ್ಮ ಕಡೆ ಮನೆಮನೆಯಲ್ಲೂ ಇದೆ. ಮೈಯೊಳಗಿನ ಬಿಸಿ ಕಂಕುಳಿಗಿಂತ ಹೆಚ್ಚು ಎಂಬುದು ನಿಜ, ಆದರೆ ಎಷ್ಟು ಹೆಚ್ಚು ಎಂಬುದು ಒಂದೇ ಸಮ ಇರುವುದಿಲ್ಲ. ಆ ಮಗುವಿನ ತಾಯಿ ಹೀಗೆ ಕೂಡಿಸಿ ಸಂಜೆಯ ಮಾಮೂಲಿ 99.4 ಎಂದು ಬರೆದಳೆನ್ನೋಣ. ಸಂಜೆ ಆಯಮ್ಮನಿಗೆ 99.6 ಕಂಡಿತು, ಅವರು ಕೂಡಿಸಲಿಲ್ಲ. ‘ಸ್ವಲ್ಪ ಹೆಚ್ಚು ಅಷ್ಟೇ’ ಎಂದು ಸುಮ್ಮನಾದರು. ನಿಜದಲ್ಲಿ ಮಗು ತನ್ನ ಮಾಮೂಲಿಗಿಂತ ಒಂದೂಕಾಲು ಡಿಗ್ರಿಯಷ್ಟು ಏರಿದೆ, ಅದು ಜ್ವರವೇ. ತಿರುಗುಮುರುಗಾದರೆ, ಅಂದರೆ ಆಯಮ್ಮ ಮಾತ್ರ ಕೂಡಿಸಿದರೆ, ಚೆನ್ನಾಗಿರುವ ಮಗುವಿಗಾಗಿ ತಾಯಿ ಅರ್ಧ ದಿನದ ಕೂಲಿ ಬಿಟ್ಟು ಬರುತ್ತಾಳೆ. ಆದ್ದರಿಂದ ಚೀಟಿಯ ಮೊದಲ ಸಾಲು ಇದಿರಲಿ: ‘ಕಂಕುಳಲ್ಲಿ ನೋಡಿ, ಕಂಡಷ್ಟೇ ಬರೆಯಿರಿ, ಕೂಡಿಸಬೇಡಿ.’

ಮನೆಯಲ್ಲಿ ಬಳಸಿದ ಥರ್ಮಾಮೀಟರನ್ನೇ ಬ್ಯಾಗಿನಲ್ಲಿಡಿ. ಹಣೆಗೆ ಹಿಡಿಯುವ ಯಂತ್ರದ ಅಂಕಿಯನ್ನು ಕಂಕುಳಿನ ಅಂಕಿಯ ಜೊತೆ ಹೋಲಿಸಲಾಗದು, ಬಿಸಿಲು ಬೆವರಿಗೆ ಅದು ಏರುಪೇರಾಗುತ್ತದೆ. ಪರದೆಯಲ್ಲಿ ಸೆಲ್ಸಿಯಸ್ ಬಂದರೆ 37.5 ಎಂದರೆ 99.5 ಎಂಬುದನ್ನೂ ಬರೆಯಿರಿ. ಇಲ್ಲದಿದ್ದರೆ 37.5 ನೋಡಿಯೂ ‘ಏನೂ ಇಲ್ಲ’ ಎಂದುಕೊಳ್ಳುತ್ತಾರೆ.

ಚಿಂತಾಮಣಿ ಕಡೆಯ ಆಯಮ್ಮಂದಿರು ಅನೇಕರು ಮನೆಯಲ್ಲಿ ತೆಲುಗು ಮಾತಾಡುವವರು. ಚೀಟಿ ಚಿಕ್ಕ ವಾಕ್ಯಗಳಲ್ಲಿ, ದಪ್ಪ ಅಕ್ಷರದಲ್ಲಿರಲಿ:

‘ಅಕ್ಕ, ಕಂಕುಳಲ್ಲಿ ನೋಡಿ, ಕಂಡಷ್ಟೇ ಬರೆಯಿರಿ, ಕೂಡಿಸಬೇಡಿ. ಪಾಪುಗೆ ಬೆಳಿಗ್ಗೆ 97.2–97.6, ಸಂಜೆ 98–98.4 ಮಾಮೂಲಿ. 99ರವರೆಗೆ ಆಡ್ತಾ ಇದ್ರೆ ಫೋನ್ ಬೇಡ. 99.5 ಬಂದ್ರೆ ಬಟ್ಟೆ ಸಡಿಲ ಮಾಡಿ, ನೀರು ಕುಡಿಸಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಇಳೀದಿದ್ರೆ ಫೋನ್ ಮಾಡಿ. 100.4 ಬಂದ್ರೆ ಕಾಯದೆ ತಕ್ಷಣ ಮಾಡಿ, ನಾನು ಬರ್ತೀನಿ. ಅಂಕಿ ಎಷ್ಟೇ ಇರಲಿ, ಪಾಪು ಮಂಕಾದ್ರೆ, ಕುಡೀದಿದ್ರೆ, ಬೆಳಗಿಂದ ಉಚ್ಚೆ ಹೋಗದಿದ್ರೆ, ಉಸಿರು ಜೋರಾದ್ರೆ ಆಗಲೇ ಫೋನ್ ಮಾಡಿ. ನನ್ನ ಕೇಳದೆ ಸಿರಪ್ ಹಾಕಬೇಡಿ.’

ಕೊನೆಯ ಮಾತಿಗೆ ಕಾರಣವಿದೆ. ಪ್ಯಾರಸಿಟಮಾಲ್ ಸಿರಪ್ಪು 5 ಮಿಲಿಗೆ 125 ಮಿಲಿಗ್ರಾಂ, 250 ಮಿಲಿಗ್ರಾಂ ಹೀಗೆ ಬೇರೆ ಬೇರೆ ಬಲದಲ್ಲಿ ಸಿಗುತ್ತದೆ. ಬಾಟಲಿ ಬದಲಾದರೆ ಅದೇ ಅಳತೆಯಲ್ಲಿ ಔಷಧಿ ಇಮ್ಮಡಿಯಾಗಬಹುದು. ಬೆಳಿಗ್ಗೆ ನೀವೇ ಹಾಕಿ ಕಳಿಸಿದ್ದರೆ ಹೊತ್ತು ಬರೆದು ಹೇಳಿ. ಎಂಟಕ್ಕೆ ಹಾಕಿದ್ದು ಮಧ್ಯಾಹ್ನದವರೆಗೆ ಜ್ವರ ಮುಚ್ಚಿಟ್ಟು ಆಮೇಲೆ ಕೈಬಿಡುತ್ತದೆ. ಮುಚ್ಚಿಟ್ಟು ಬಿಟ್ಟುಹೋಗುವುದು ಉಳಿದ ಮಕ್ಕಳಿಗೂ ಮೋಸ.

ಯಾರಿಗೆ ಫೋನ್? ಶಿಡ್ಲಘಟ್ಟದ ರೀಲಿಂಗ್‌ನಲ್ಲಿ ಕೈ ಬಿಸಿನೀರಿನಲ್ಲಿರುತ್ತದೆ, ಚಿಕ್ಕಬಳ್ಳಾಪುರದ ಹೂತೋಟದಲ್ಲಿ ಸಿಗ್ನಲ್ ಇರದಿರಬಹುದು, ಗೌರಿಬಿದನೂರಿನ ಗಾರ್ಮೆಂಟ್ಸ್‌ನಲ್ಲಿ ಮೊಬೈಲ್ ಹೊರಗಿಡಬೇಕಾದೀತು. ಸೂಪರ್‌ವೈಸರ್ ನಂಬರು, ನಂತರ ಹತ್ತಿರದ ಅಜ್ಜಿಯದೋ ಚಿಕ್ಕಮ್ಮನದೋ, ಕರೆ ಮಾಡಬೇಕಾದ ಕ್ರಮದಲ್ಲೇ ಬರೆಯಿರಿ.

ಚೀಟಿಯಲ್ಲಿ ಇದೂ ಇರಲಿ: ಫಿಟ್ಸ್ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಚಮಚ, ಕೈಗೆ ಕಬ್ಬಿಣ ಬೇಡ, ಮೊದಲು 108, ಆಮೇಲೆ ತಾಯಿಗೆ. ಚೀಟಿಗೆ ತಾರೀಖು ಹಾಕಿ. ಥರ್ಮಾಮೀಟರ್ ಬದಲಾದರೆ ಮತ್ತೆ ಅಳೆದು ಹೊಸದು ಬರೆಯಿರಿ.