ಡಿಜಿಟಲ್ ರೂಪಾಯಿ: ದಿನನಿತ್ಯದ ಪಾವತಿ ಮತ್ತು ಪಂಚಾಯಿತಿ ಕರ ವಸೂಲಿ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ಭಾರತೀಯ ರಿಸರ್ವ್ ಬ್ಯಾಂಕ್ ಚಿಲ್ಲರೆ ಬಳಕೆಯ ಡಿಜಿಟಲ್ ರೂಪಾಯಿಯ ಪ್ರಯೋಗವನ್ನು 2022ರ ಡಿಸೆಂಬರ್ 1ರಂದು ಆರಂಭಿಸಿತು. ಮೊದಲ ಹಂತದ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ನಮ್ಮ ಗ್ರಾಮಗಳ ಖಾತೆದಾರರೂ ಇದನ್ನು ಬಳಸಿ ಕರ ಪಾವತಿಸಲು ಮುಂದೆ ಬರಬಹುದಾದ್ದರಿಂದ, ಹಣ ಎಲ್ಲಿಂದ ಹೊರಟು ಎಲ್ಲಿಗೆ ತಲುಪುತ್ತದೆ ಎಂಬುದನ್ನು ಸದಸ್ಯರು ಅರಿತಿರುವುದು ಸೂಕ್ತ.

ಡಿಜಿಟಲ್ ರೂಪಾಯಿ ಎಂದರೆ ರಿಸರ್ವ್ ಬ್ಯಾಂಕೇ ಹೊರಡಿಸುವ, ನೋಟು ನಾಣ್ಯಗಳ ಮೌಲ್ಯಗಳಲ್ಲಿಯೇ ಇರುವ ಹಣ. ಬ್ಯಾಂಕ್ ತನ್ನ ಆ್ಯಪ್ ಮೂಲಕ ಗ್ರಾಹಕರ ಮೊಬೈಲಿನಲ್ಲಿ ಒಂದು ವ್ಯಾಲೆಟ್ ತೆರೆದುಕೊಡುತ್ತದೆ. ಯುಪಿಐ ಪಾವತಿಯಲ್ಲಿ ಹಣ ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಇಲ್ಲಿ ಹಣವು ಮೊದಲು ಖಾತೆಯಿಂದ ವ್ಯಾಲೆಟ್ಟಿಗೆ ಬಂದು, ಜೇಬಿನಲ್ಲಿರುವ ನೋಟಿನಂತೆ ಅಲ್ಲಿಯೇ ಇರುತ್ತದೆ. ಜೇಬಿನ ನೋಟಿಗೆ ಬಡ್ಡಿ ಬಾರದಂತೆಯೇ ವ್ಯಾಲೆಟ್ಟಿನ ಹಣಕ್ಕೂ ಬಡ್ಡಿ ಇಲ್ಲ. ಬೇಡವಾದಾಗ ಉಳಿದ ಮೊತ್ತವನ್ನು ಖಾತೆಗೆ ಮರಳಿಸಬಹುದು.

ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಅಮ್ಮಸಂದ್ರದ ತೆಂಗು ಬೆಳೆಗಾರರೊಬ್ಬರು ಬೆಳಿಗ್ಗೆ ತಮ್ಮ ಖಾತೆಯಿಂದ 1,000 ರೂಪಾಯಿಯನ್ನು ವ್ಯಾಲೆಟ್ಟಿಗೆ ತುಂಬಿಸುತ್ತಾರೆ ಎಂದಿಟ್ಟುಕೊಳ್ಳಿ. ದಿನಸಿ ಅಂಗಡಿಯಲ್ಲಿ 340 ರೂಪಾಯಿಯ ಸಾಮಾನು ಕೊಂಡು, ಅಂಗಡಿಯ ಯುಪಿಐ ಕ್ಯೂಆರ್ ಫಲಕವನ್ನು ಡಿಜಿಟಲ್ ರೂಪಾಯಿ ಆ್ಯಪಿನಿಂದ ಸ್ಕ್ಯಾನ್ ಮಾಡಿ, ಮೊತ್ತ ನಮೂದಿಸಿ, ಪಿನ್ ಒತ್ತುತ್ತಾರೆ. ಕೆನರಾ ಬ್ಯಾಂಕ್ ಸೇರಿದಂತೆ ಹಲವು ಬ್ಯಾಂಕುಗಳು 2023ರಲ್ಲಿ ಈ ಸೌಲಭ್ಯವನ್ನು ಒದಗಿಸಿದವು. ಅಂಗಡಿಯವರಿಗೆ ವ್ಯಾಲೆಟ್ ಇಲ್ಲದಿದ್ದರೂ ಹಣವು ಎಂದಿನಂತೆ ಅವರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ.

ಮಧ್ಯಾಹ್ನ ಕಾಯಿ ಕಿತ್ತವರಿಗೆ 300 ರೂಪಾಯಿ ಕೂಲಿ ಕೊಡಬೇಕು. ಇದು ವ್ಯಕ್ತಿಯಿಂದ ವ್ಯಕ್ತಿಗೆ ಸಲ್ಲುವ ಹಣ. ಕೂಲಿಯವರಿಗೂ ವ್ಯಾಲೆಟ್ ಇದ್ದರೆ ಹಣ ನೇರವಾಗಿ ಅದಕ್ಕೆ ಹೋಗುತ್ತದೆ. ಇಲ್ಲದಿದ್ದರೆ ನಗದನ್ನೇ ಕೊಡುವುದು ಸುಲಭ. ಸಂಜೆ ಅವರು ಪಂಚಾಯಿತಿಗೆ ಬಂದು 200 ರೂಪಾಯಿ ನೀರಿನ ಕರ ಸಲ್ಲಿಸುತ್ತಾರೆ. ಕೂಲಿಯೂ ವ್ಯಾಲೆಟ್ಟಿನಿಂದಲೇ ಸಂದಿದ್ದರೆ 160 ರೂಪಾಯಿ ಉಳಿಯುತ್ತದೆ. ಅವರ ಪಾಸ್‌ಪುಸ್ತಕದಲ್ಲಿ ಬೆಳಗಿನ 1,000 ರೂಪಾಯಿಯ ಒಂದೇ ಖರ್ಚು ಕಾಣುತ್ತದೆ. ಉಳಿದ ಮೂರು ಪಾವತಿಗಳ ವಿವರ ಆ್ಯಪಿನಲ್ಲಿ ಮಾತ್ರ ಇರುತ್ತದೆ. ಆದಕಾರಣ ಕರ ಪಾವತಿಗೆ ಪಾಸ್‌ಪುಸ್ತಕ ಪುರಾವೆಯಾಗದು. ಪಂಚಾಯಿತಿ ರಸೀದಿಯೇ ಪುರಾವೆ.

ಸದಸ್ಯರು ಮುಖ್ಯವಾಗಿ ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಕರದ ಹಣ ಪಂಚಾಯಿತಿಯ ಖಾತೆಗೆ ಜೋಡಿಸಿದ ಕ್ಯೂಆರ್ ಮೂಲಕ ಬಂದರೆ ಅದು ಬ್ಯಾಂಕ್ ವಿವರಪಟ್ಟಿಯಲ್ಲಿ ದಾಖಲಾಗುತ್ತದೆ, ಲೆಕ್ಕ ಪರಿಶೋಧನೆಗೆ ಸಿಗುತ್ತದೆ. ಅದೇ ಹಣ ಕರ ವಸೂಲಿಗಾರರ ಸ್ವಂತ ವ್ಯಾಲೆಟ್ಟಿಗೆ ಹೋದರೆ, ಅದು ಅವರ ಜೇಬಿಗೆ ಸೇರಿದ ನಗದಿಗೆ ಸಮ. ಪಂಚಾಯಿತಿಯ ಯಾವ ಪುಸ್ತಕದಲ್ಲಿಯೂ ತಾನಾಗಿ ಅದು ಮೂಡುವುದಿಲ್ಲ. ಆದ್ದರಿಂದ ಸಿಬ್ಬಂದಿಯ ವೈಯಕ್ತಿಕ ವ್ಯಾಲೆಟ್ಟಿನಲ್ಲಿ ಕರ ಸ್ವೀಕರಿಸಬಾರದೆಂದು ಸಭೆಯಲ್ಲಿ ನಿರ್ಣಯಿಸಿ, ಕ್ಯೂಆರ್ ಫಲಕದಲ್ಲಿ ಪಂಚಾಯಿತಿಯ ಹೆಸರು ಎದ್ದು ಕಾಣುವಂತೆ ಮಾಡುವುದು ಅವಶ್ಯ. ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ವ್ಯಕ್ತಿಯ ಹೆಸರು ಕಂಡುಬಂದರೆ ಪಾವತಿದಾರರು ಅಲ್ಲಿಯೇ ನಿಲ್ಲಿಸಬೇಕು.

ರಸೀದಿ ನೀಡುವ ಮುನ್ನ ಪಾವತಿದಾರರ ಮೊಬೈಲ್ ಪರದೆಯನ್ನಷ್ಟೇ ನೋಡಿ ನಂಬತಕ್ಕದ್ದಲ್ಲ. ಹಣ ಪಂಚಾಯಿತಿ ಖಾತೆಗೆ ಜಮೆಯಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ವ್ಯಾಲೆಟ್ಟಿನಲ್ಲಿ ಹಣ ಕಡಿತವಾಗಿ ಇಲ್ಲಿ ಜಮೆಯಾಗದಿದ್ದರೆ ಮತ್ತೊಮ್ಮೆ ಪಾವತಿಸಲು ಅವಸರಪಡಿಸಬಾರದು. ವಹಿವಾಟಿನ ಸಂಖ್ಯೆಯನ್ನು ಬರೆದುಕೊಂಡು, ವ್ಯಾಲೆಟ್ ನೀಡಿದ ಬ್ಯಾಂಕಿಗೆ ದೂರು ಸಲ್ಲಿಸುವಂತೆ ತಿಳಿಸಬೇಕು.

ಮೊಬೈಲ್ ಕಳೆದುಹೋದರೆ ಹಣವೂ ಹೋಯಿತೆಂದು ಗ್ರಾಮಸ್ಥರು ಗಾಬರಿಯಾಗುವುದುಂಟು. ವ್ಯಾಲೆಟ್ ನೋಂದಾಯಿತ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿರುತ್ತದೆ. ಕೂಡಲೇ ಬ್ಯಾಂಕಿಗೆ ತಿಳಿಸಿ ವ್ಯಾಲೆಟ್ ತಡೆಹಿಡಿಸಬೇಕು. ಅದೇ ಸಂಖ್ಯೆಯ ಸಿಮ್ ಪಡೆದು ಹೊಸ ಮೊಬೈಲಿನಲ್ಲಿ ಆ್ಯಪ್ ಸ್ಥಾಪಿಸಿದರೆ ವ್ಯಾಲೆಟ್ಟನ್ನು ಮರಳಿ ಪಡೆಯಬಹುದು. ಆದರೆ ಪಿನ್ ಬೇರೆಯವರಿಗೆ ತಿಳಿದಿದ್ದರೆ ಅಷ್ಟರೊಳಗೆ ಹಣ ಖರ್ಚಾಗಬಹುದು. ದಿನದ ಖರ್ಚಿಗೆ ಬೇಕಾದಷ್ಟನ್ನೇ ತುಂಬಿಸಿ, ಕೊಬ್ಬರಿ ಮಾರಿದ ದೊಡ್ಡ ಮೊತ್ತವನ್ನು ಬಡ್ಡಿ ಬರುವ ಖಾತೆಯಲ್ಲಿಯೇ ಉಳಿಸುವುದು ಲೇಸು.

ನೆಟ್‌ವರ್ಕ್ ಇಲ್ಲದೆಡೆ ನಡೆಯುವ ಪಾವತಿಯನ್ನು ಪ್ರಯೋಗಕ್ಕೆ ತರುವುದಾಗಿ ರಿಸರ್ವ್ ಬ್ಯಾಂಕ್ 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಆದರೆ ಕ್ಯೂಆರ್ ಸ್ಕ್ಯಾನ್ ಮಾಡಿ ಯುಪಿಐ ಮೂಲಕ ಖಾತೆಗೆ ಹೋಗುವ ಪಾವತಿಗೆ ಸಂಪರ್ಕ ಬೇಕೇ ಬೇಕು. ಆದುದರಿಂದ ತೋಟದ ಸಾಲಿನ ಮನೆಗಳಿಗೆ ಕರ ವಸೂಲಿಗೆ ತೆರಳುವಾಗ ರಸೀದಿ ಪುಸ್ತಕವನ್ನೂ ನಗದು ಸ್ವೀಕೃತಿಯ ಏರ್ಪಾಡನ್ನೂ ಕೈಬಿಡತಕ್ಕದ್ದಲ್ಲ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ